ಎಂಟು ತೋಟ, ಮೂರೇ ಬ್ಲಾಕ್? ಮಿಕ್ಸೆಡ್ ಮಾಡೆಲ್‌ನಲ್ಲಿ ನೆಸ್ಟಿಂಗ್ ತಪ್ಪಿದರೆ ಹುಡುಕುವುದು ಹೇಗೆ, ಥೀಸಿಸ್‌ನಲ್ಲಿ ಬರೆಯುವುದು ಹೇಗೆ

ಕಾಫಿ ತೋಟಗಳಲ್ಲಿ ಮಣ್ಣಿನ ಮಾದರಿ ತೆಗೆದು ಥೀಸಿಸ್ ಬರೆಯುವವರ ಲೆಕ್ಕದಲ್ಲಿ ಒಂದು ದೋಷ ಮತ್ತೆ ಮತ್ತೆ ಸಿಗುತ್ತದೆ. R ತಂತ್ರಾಂಶದಲ್ಲಿ ಮಿಕ್ಸೆಡ್ ಮಾಡೆಲ್ ಕಟ್ಟುವ `lmer` ಓಡಿಸಿದ ಕೂಡಲೇ ಪರದೆಯ ಮೇಲೆ ಈ ಸಾಲು ಬರುತ್ತದೆ:

```
boundary (singular) fit: see help('isSingular')
```

ಕೆಲವರಿಗೆ ಈ ಸಾಲೂ ಬರುವುದಿಲ್ಲ. ಎಲ್ಲ ಸುಸೂತ್ರವಾಗಿ ಓಡುತ್ತದೆ, ಪಿ-ವ್ಯಾಲ್ಯೂ ಮಾತ್ರ ಅನುಮಾನ ಬರುವಷ್ಟು ಚೆನ್ನಾಗಿರುತ್ತದೆ. ಎರಡಕ್ಕೂ ಮೂಲ ಒಂದೇ ಇರಬಹುದು. ತೋಟದ ಒಳಗಿರುವ ಬ್ಲಾಕ್‌ಗಳನ್ನು ಕಂಪ್ಯೂಟರ್ ಬೇರೆ ಬೇರೆ ಬ್ಲಾಕ್ ಎಂದು ಗುರುತಿಸಿಲ್ಲ. ಬ್ಲಾಕ್ ತೋಟದ ಒಳಗಿರುವ ಹಾಗೆ ಒಂದು ಗುಂಪು ಇನ್ನೊಂದರ ಒಳಗೆ ಇರುವುದೇ ನೆಸ್ಟಿಂಗ್. ಈ ಬರಹ ಅದೊಂದನ್ನೇ ಹಿಡಿದು ನೋಡುತ್ತದೆ.

ಉದಾಹರಣೆ

ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಸುತ್ತಿನ ಎಂಟು ಅರೇಬಿಕಾ ತೋಟಗಳು ಎಂದುಕೊಳ್ಳಿ. ಪ್ರತಿ ತೋಟದಲ್ಲಿ ಮೂರು ಬ್ಲಾಕ್. ಪ್ರತಿ ಬ್ಲಾಕ್‌ನಲ್ಲಿ ಹತ್ತು ಕಡೆ ದರಗು ಸರಿಸಿ ಮಣ್ಣು ತೆಗೆದು, ಲ್ಯಾಬ್‌ನಲ್ಲಿ ಸಾವಯವ ಇಂಗಾಲದ ಶೇಕಡಾ ಅಳೆದಿದ್ದಾರೆ. ಒಟ್ಟು 240 ಮಾದರಿ. ಮೇಲಿನ ನೆರಳು ಎಷ್ಟಿದೆ ಅನ್ನುವುದನ್ನು ಮರಗಸಿಗೆ ಮೊದಲು ಬ್ಲಾಕ್‌ಗೆ ಒಂದರಂತೆ ಅಳೆದಿದ್ದಾರೆ, ಅಂದರೆ 24 ಅಳತೆ. ನೆರಳು ಜಾಸ್ತಿ ಇದ್ದಲ್ಲಿ ಇಂಗಾಲವೂ ಜಾಸ್ತಿಯೇ ಅನ್ನುವುದು ಪ್ರಶ್ನೆ. ಇಲ್ಲಿರುವ ಅಂಕಿಗಳು ಲೆಕ್ಕ ತೋರಿಸಲು ನಾನೇ ಕಟ್ಟಿದವು. ಯಾವ ತೋಟದ ಫಲಿತಾಂಶವೂ ಅಲ್ಲ.

ಎಕ್ಸೆಲ್ ಹಾಳೆಯಲ್ಲಿ `estate` ಕಾಲಂನಲ್ಲಿ ತೋಟದ ಹೆಸರು, `block` ಕಾಲಂನಲ್ಲಿ 1, 2, 3 ಇದೆ. `oc` ಅಂದರೆ ಇಂಗಾಲ. `neralu10` ಅಂದರೆ ನೆರಳಿನ ಶೇಕಡಾವನ್ನು ಹತ್ತರಿಂದ ಭಾಗಿಸಿದ್ದು. ವಿದ್ಯಾರ್ಥಿ ಬರೆದ ಮಾಡೆಲ್ ಹೀಗಿದೆ:

```r
library(lmerTest)
m1 <- lmer(oc ~ neralu10 + (1 | estate) + (1 | block),
           data = d)
summary(m1)
```

ನೋಡಿದರೆ ತಪ್ಪೇನೂ ಕಾಣುವುದಿಲ್ಲ. ತೋಟಕ್ಕೊಂದು ರ‍್ಯಾಂಡಮ್ ಇಂಟರ್ಸೆಪ್ಟ್, ಬ್ಲಾಕ್‌ಗೊಂದು. ಅಷ್ಟೇ ಅಲ್ವಾ?

ಮೊದಲು ನೋಡಬೇಕಾದ ಸಾಲು

ಸಮ್ಮರಿ ತೆಗೆದ ತಕ್ಷಣ ಎಲ್ಲರ ಕಣ್ಣೂ ಪಿ-ವ್ಯಾಲ್ಯೂ ಕಡೆಗೆ ಹೋಗುತ್ತದೆ. ಅದನ್ನು ಬಿಟ್ಟು, ರ‍್ಯಾಂಡಮ್ ಎಫೆಕ್ಟ್ ಪಟ್ಟಿಯ ಕೆಳಗಿರುವ ಈ ಸಾಲನ್ನು ನೋಡಿ:

```
Number of obs: 240, groups:  estate, 8; block, 3
```

ಬ್ಲಾಕ್ 3. ಕಾಲು ನೋಯಿಸಿಕೊಂಡು ಹತ್ತಿಳಿದದ್ದು 24 ಬ್ಲಾಕ್. ದೋಷ ಇಲ್ಲೇ ಸಿಕ್ಕಿತು. ಆಲ್ದೂರಿನ ತೋಟದ 1ನೇ ಬ್ಲಾಕ್, ಮೂಡಿಗೆರೆ ತೋಟದ 1ನೇ ಬ್ಲಾಕ್, ಎಲ್ಲವನ್ನೂ ಕಂಪ್ಯೂಟರ್ ಒಂದೇ ಬ್ಲಾಕ್ ಎಂದು ತಿಳಿದುಕೊಂಡಿದೆ.

ನಂಬರ್ ಬದಲು ಹೆಸರು ಹಾಕಿದ್ದೇವೆ, ನಮಗೆ ಈ ತೊಂದರೆ ಇಲ್ಲ ಅನ್ನಬೇಡಿ. ತೋಟದ ರೈಟರ್ ಹೇಳಿದ ಹೆಸರನ್ನೇ ಬರೆದುಕೊಂಡು ಬಂದರೆ ಈ ತೋಟದಲ್ಲೂ ಒಂದು ಕೆರೆ ಬ್ಲಾಕ್, ಆ ತೋಟದಲ್ಲೂ ಒಂದು ಕೆರೆ ಬ್ಲಾಕ್ ಸಿಗುತ್ತದೆ. ಆಗ ಗುಂಪಿನ ಸಂಖ್ಯೆ 3ರ ಬದಲು 17ರಂಥ ಏನೋ ಒಂದು ಬರುತ್ತದೆ. ಅದು ಇನ್ನೂ ಅಪಾಯ, ಯಾಕೆಂದರೆ 17 ಅನ್ನುವುದು ತಕ್ಷಣ ಕಣ್ಣಿಗೆ ಚುಚ್ಚುವುದಿಲ್ಲ.

ಅನುಮಾನ ಬಂದರೆ ಎರಡು ಸಾಲಿನಲ್ಲಿ ಖಚಿತ ಮಾಡಿಕೊಳ್ಳಬಹುದು:

```r
xtabs(~ estate + block, data = d)
lme4::isNested(d$block, d$estate)
```

ಮೊದಲನೆಯದು ಯಾವ ತೋಟದಲ್ಲಿ ಯಾವ ಹೆಸರಿನ ಬ್ಲಾಕ್‌ಗೆ ಎಷ್ಟು ಮಾದರಿ ಇದೆ ಎಂದು ಚೌಕ ಹಾಕಿ ತೋರಿಸುತ್ತದೆ. ಬ್ಲಾಕ್‌ಗಳಿಗೆ ಬೇರೆ ಬೇರೆ ಹೆಸರಿದ್ದರೆ ಒಂದು ಬ್ಲಾಕ್‌ನ ಕಾಲಂನಲ್ಲಿ ಒಂದೇ ಮನೆ ತುಂಬಿರಬೇಕು, ಉಳಿದವು ಸೊನ್ನೆ. ನಮ್ಮ ಉದಾಹರಣೆಯಲ್ಲಿ ಎಲ್ಲ ಮನೆಗಳಲ್ಲೂ 10 ಇರುತ್ತದೆ. ಎರಡನೆಯ ಸಾಲು `FALSE` ಎನ್ನುತ್ತದೆ. ಅಂದರೆ ಈ ಕಾಲಂ ಪ್ರಕಾರ ಬ್ಲಾಕ್ ತೋಟದ ಒಳಗೆ ಇಲ್ಲ.

ಸಮ್ಮರಿಯ `Number of obs` ಸಾಲು ಇನ್ನೊಂದು ಸಣ್ಣ ತಪ್ಪನ್ನೂ ಹಿಡಿದುಕೊಡುತ್ತದೆ. ತೋಟಗಳ ಸಂಖ್ಯೆ 8ರ ಬದಲು 9 ಬಂದರೆ, ಯಾವುದೋ ಒಂದು ತೋಟದ ಹೆಸರನ್ನು ಎರಡು ಥರ ಟೈಪ್ ಮಾಡಿದ್ದೀರಿ, ಇಲ್ಲವೇ ಹೆಸರಿನ ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಉಳಿದಿದೆ. `trimws()` ಹಾಕಿ ಮತ್ತೆ ಎಣಿಸಿ.

ವಾರ್ನಿಂಗ್ ಯಾಕೆ ಬರುತ್ತದೆ, ಯಾಕೆ ಬರುವುದಿಲ್ಲ

ತಪ್ಪು ಮಾಡೆಲ್ ಎಂಟೂ ತೋಟಗಳ 1ನೇ ಬ್ಲಾಕ್‌ಗಳನ್ನು ಸೇರಿಸಿ ಒಂದು ಗುಂಪು ಮಾಡುತ್ತದೆ, 2ನೇದಕ್ಕೆ ಇನ್ನೊಂದು, 3ನೇದಕ್ಕೆ ಮತ್ತೊಂದು. ಈ ಗುಂಪುಗಳಿಗೆ ನಂಬರ್ ಬಿಟ್ಟರೆ ಸಮಾನವಾದದ್ದು ಏನೂ ಇಲ್ಲ. ಹಾಗಾಗಿ ಮೂರು ಗುಂಪಿನ ಸರಾಸರಿಗಳೂ ಹತ್ತಿರ ಹತ್ತಿರ ಇರುತ್ತವೆ. ತುಂಬಾ ಹತ್ತಿರ ಬಂದರೆ ಬ್ಲಾಕ್ ವೇರಿಯನ್ಸ್ ಸೊನ್ನೆಗೆ ಕುಸಿಯುತ್ತದೆ, ಸಿಂಗ್ಯುಲರ್ ಎಂದು ವಾರ್ನಿಂಗ್ ಬರುತ್ತದೆ. ಸ್ವಲ್ಪ ದೂರ ಇದ್ದರೆ 0.01ರಂಥ ಸಣ್ಣ ಅಂಕಿ ಬರುತ್ತದೆ, ವಾರ್ನಿಂಗ್ ಇಲ್ಲ. ಮಾಡೆಲ್ ಮಾತ್ರ ಎರಡೂ ಸಲ ಅಷ್ಟೇ ತಪ್ಪು. ನನ್ನನ್ನು ಕೇಳಿದರೆ ವಾರ್ನಿಂಗ್ ಬಂದವರೇ ಪುಣ್ಯವಂತರು, ಅವರು ಹುಡುಕಲಾದರೂ ಶುರು ಮಾಡುತ್ತಾರೆ.

ವಾರ್ನಿಂಗ್ ಬಂದಾಗ ಹೆಚ್ಚಿನವರು ಮಾಡುವುದು ಏನು? ಬ್ಲಾಕ್ ವೇರಿಯನ್ಸ್ ಸೊನ್ನೆ ಇದೆ, ತೆಗೆದುಹಾಕೋಣ ಎಂದು `(1 | block)` ಅಳಿಸುತ್ತಾರೆ. ವಾರ್ನಿಂಗ್ ಹೋಗುತ್ತದೆ. ದೋಷ ಹಾಗೇ ಉಳಿಯುತ್ತದೆ, ಅದಕ್ಕಿದ್ದ ಸುಳಿವು ಮಾತ್ರ ಹೋಯಿತು.

ಸರಿಪಡಿಸುವುದು

ಪ್ರತಿ ಬ್ಲಾಕ್‌ಗೂ ಇಡೀ ಹಾಳೆಯಲ್ಲಿ ಬೇರೆ ಎಲ್ಲೂ ಇಲ್ಲದ ಹೆಸರು ಕೊಡಿ.

```r
d$estate_block <- interaction(d$estate, d$block, drop = TRUE)
m2 <- lmer(oc ~ neralu10 + (1 | estate) + (1 | estate_block),
           data = d)
```

`(1 | estate/block)` ಎಂದು ಬರೆದರೂ ಇದೇ ಮಾಡೆಲ್ ಆಗುತ್ತದೆ. ಆದರೂ ನಾನು ಹೊಸ ಕಾಲಂ ಮಾಡುವುದನ್ನೇ ಹೇಳುತ್ತೇನೆ. ಓರೆ ಗೆರೆಯಲ್ಲಿ ಎಡ ಬಲ ಅದಲು ಬದಲಾಗುವುದು ಸುಲಭ. `(1 | block/estate)` ಎಂದು ಬರೆದುಬಿಟ್ಟರೆ R ಮರುಮಾತಿಲ್ಲದೆ ಓಡಿಸುತ್ತದೆ. ಆಗ ಗುಂಪುಗಳು 24 ಮತ್ತು 3 ಎಂದು ಬರುತ್ತವೆ, 8 ಎಲ್ಲೂ ಇರುವುದಿಲ್ಲ. ತೋಟವೇ ಮಾಡೆಲ್‌ನಿಂದ ಮಾಯವಾಗಿದೆ ಎಂದರ್ಥ. ಸರಿಯಾದ ಮಾಡೆಲ್‌ನಲ್ಲಿ 24 ಮತ್ತು 8 ಕಾಣಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ `(1 | estate/block/sample)` ಎಂದು ಬರೆದರೆ ಮಾಡೆಲ್ ಓಡುವುದೇ ಇಲ್ಲ. ಗುಂಪುಗಳ ಸಂಖ್ಯೆ ದತ್ತಾಂಶದ ಸಾಲುಗಳಿಗಿಂತ ಕಡಿಮೆ ಇರಬೇಕು ಎಂದು ಎರರ್ ಬರುತ್ತದೆ. ಮಾದರಿಗೆ ಒಂದೇ ಅಳತೆ ಇದ್ದರೆ ಮಾದರಿಗಳ ನಡುವಿನ ವ್ಯತ್ಯಾಸವೇ ಉಳಿಕೆ, ಅಂದರೆ ರೆಸಿಡ್ಯುಯಲ್. ಅದಕ್ಕೆ ಇನ್ನೊಂದು ಹೆಸರು ಬೇಡ. ಒಂದೇ ಮಾದರಿಯನ್ನು ಲ್ಯಾಬ್‌ನಲ್ಲಿ ಎರಡು ಸಲ ಅಳೆದಿದ್ದರೆ ಮಾತ್ರ ಆ ಹಂತ ಹಾಕಬಹುದು.

ಈಗ ಎರಡೂ ಮಾಡೆಲ್ ಪಕ್ಕಪಕ್ಕ ಇಟ್ಟು ನೋಡೋಣ.

| | ತಪ್ಪು ಮಾಡೆಲ್ | ಸರಿ ಮಾಡೆಲ್ |
|---|---|---|
| ತೋಟದ ವೇರಿಯನ್ಸ್ | 0.19 | 0.16 |
| ಬ್ಲಾಕ್ ವೇರಿಯನ್ಸ್ | 0.00 | 0.09 |
| ಉಳಿಕೆ ವೇರಿಯನ್ಸ್ | 0.31 | 0.25 |
| ನೆರಳಿನ ಗುಣಾಂಕ | 0.15 | 0.15 |
| ಅದರ ಸ್ಟ್ಯಾಂಡರ್ಡ್ ಎರರ್ | 0.044 | 0.085 |
| ಡಿಗ್ರೀಸ್ ಆಫ್ ಫ್ರೀಡಮ್ | ಸುಮಾರು 230 | ಸುಮಾರು 15 |
| ಪಿ-ವ್ಯಾಲ್ಯೂ | 0.001ಕ್ಕಿಂತ ಕಡಿಮೆ | 0.10 |

ಬ್ಲಾಕ್‌ಗಳ ನಡುವೆ ನಿಜವಾಗಿ ಇದ್ದ 0.09 ತಪ್ಪು ಮಾಡೆಲ್‌ನಲ್ಲಿ ಎಲ್ಲಿಗೆ ಹೋಯಿತು ನೋಡಿ. ಮೂರರಲ್ಲಿ ಒಂದು ಪಾಲು, ಅಂದರೆ 0.03, ತೋಟದ ಲೆಕ್ಕಕ್ಕೆ ಸೇರಿಕೊಂಡಿತು. ಉಳಿದ 0.06 ಉಳಿಕೆಯೊಳಗೆ ಹೋಯಿತು. ಒಟ್ಟು ಮೊತ್ತ ಎರಡೂ ಕಡೆ 0.50. ಹಾಗಾಗಿ ಮೊತ್ತ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ.

ಸ್ಟ್ಯಾಂಡರ್ಡ್ ಎರರ್ ಅರ್ಧದಷ್ಟಾಗಿದ್ದು ಯಾಕೆ? ನೆರಳು ಬ್ಲಾಕ್‌ಗೆ ಒಂದೇ ಅಳತೆ. ಆದ್ದರಿಂದ ಅದರ ಬಗ್ಗೆ ಮಾಹಿತಿ ಕೊಡುವುದು ಬ್ಲಾಕ್‌ನ ಸರಾಸರಿ ಮಾತ್ರ. ಸರಿ ಮಾಡೆಲ್ ಪ್ರಕಾರ ಒಂದು ಬ್ಲಾಕ್ ಸರಾಸರಿಯ ಅಲುಗಾಟ 0.09 + 0.25/10, ಅಂದರೆ 0.115. ತಪ್ಪು ಮಾಡೆಲ್‌ಗೆ ಬ್ಲಾಕ್ ಎಂಬುದೇ ಇಲ್ಲ. ಅದರ ಪ್ರಕಾರ ಅಲುಗಾಟ 0.31/10, ಅಂದರೆ 0.031. ಇವುಗಳ ವರ್ಗಮೂಲ ತೆಗೆದರೆ ಸುಮಾರು ಎರಡು ಪಟ್ಟು ವ್ಯತ್ಯಾಸ. ಒಂದೇ ಬ್ಲಾಕ್‌ನ ಹತ್ತು ಗುಂಡಿಗಳನ್ನು ಹತ್ತು ಸ್ವತಂತ್ರ ಸಾಕ್ಷಿ ಎಂದು ಎಣಿಸಿದ ಫಲ ಇದು.

ಡಿಗ್ರೀಸ್ ಆಫ್ ಫ್ರೀಡಮ್ ಕಾಲಂ ಇದನ್ನು ಇನ್ನೂ ಸುಲಭವಾಗಿ ಹೇಳುತ್ತದೆ. 24 ಬ್ಲಾಕ್‌ನಲ್ಲಿ 8 ತೋಟ ಕಳೆದು, ನೆರಳಿಗೆ ಒಂದು ಕಳೆದರೆ 15. ಬ್ಲಾಕ್ ಮಟ್ಟದಲ್ಲಿ ಅಳೆದ ವಿಷಯದ ಎದುರು 230 ಕಂಡರೆ ಮಾಡೆಲ್ ಮಾದರಿಗಳನ್ನು ಎಣಿಸುತ್ತಿದೆ, ಬ್ಲಾಕ್‌ಗಳನ್ನಲ್ಲ. ತೋಟದ ಮಟ್ಟದ ವಿಷಯವಾದರೆ ಇನ್ನೂ ಕಡಿಮೆ. ನಾಲ್ಕು ತೋಟದಲ್ಲಿ ಸಿಲ್ವರ್ ಓಕ್, ನಾಲ್ಕರಲ್ಲಿ ಕಾಡುಮರ ಎಂದು ಹೋಲಿಸಿದರೆ 6ರ ಆಸುಪಾಸು ಬರಬೇಕು. ಒಂದು ವಿಚಿತ್ರ ಎಂದರೆ, ಎಲ್ಲ ತೋಟದಲ್ಲೂ ಸಮ ಸಂಖ್ಯೆಯ ಬ್ಲಾಕ್, ಸಮ ಸಂಖ್ಯೆಯ ಮಾದರಿ ಇದ್ದಾಗ ಈ ತೋಟದ ಮಟ್ಟದ ಹೋಲಿಕೆಗೆ ಮೇಲಿನ ತಪ್ಪಿನಿಂದ ಅಷ್ಟೇನೂ ಪೆಟ್ಟು ಬೀಳುವುದಿಲ್ಲ. ಪೆಟ್ಟು ಬೀಳುವುದು ಬ್ಲಾಕ್ ಮಟ್ಟದ ಅಳತೆಗಳಿಗೆ.

ಸರಿ ಮಾಡಿದ ಮೇಲೂ ಸಿಂಗ್ಯುಲರ್ ಎಂದರೆ

ಗುಂಪುಗಳು 24 ಮತ್ತು 8 ಎಂದು ಸರಿಯಾಗಿ ಬಂದಿವೆ, ಆದರೂ ವಾರ್ನಿಂಗ್ ಹೋಗಿಲ್ಲ. ಆಗ `VarCorr(m2)` ಹಾಕಿ, ಸೊನ್ನೆ ಯಾವುದಕ್ಕೆ ಬಂದಿದೆ ನೋಡಿ. ಸಾಮಾನ್ಯವಾಗಿ ತೋಟಕ್ಕೆ ಬಂದಿರುತ್ತದೆ. ಎಂಟೇ ತೋಟದಿಂದ ವೇರಿಯನ್ಸ್ ಅಂದಾಜು ಮಾಡುವುದು ಕಷ್ಟದ ಕೆಲಸ, ನಿಜವಾದ ಬೆಲೆ ಸಣ್ಣದಿದ್ದರೆ ಅಂದಾಜು ಸೊನ್ನೆಗೆ ಅಂಟಿಕೊಳ್ಳುತ್ತದೆ. ಇದು ದೋಷವಲ್ಲ. ತೋಟ ನಿಮ್ಮ ಮಾದರಿ ವಿಧಾನದ ಭಾಗ, ಅದನ್ನು ಮಾಡೆಲ್‌ನಲ್ಲಿ ಉಳಿಸಿಕೊಳ್ಳಿ. ಅಂದಾಜು 0 ಬಂತು ಎಂದು ಬರೆಯಿರಿ. "ತೋಟಗಳ ನಡುವೆ ವ್ಯತ್ಯಾಸ ಇಲ್ಲ" ಎಂದು ಮಾತ್ರ ಬರೆಯಬೇಡಿ.

ಮೂರೇ ತೋಟ ಇದ್ದರೆ ಕಥೆ ಬೇರೆ. ಮೂರು ಅಂಕಿಯಿಂದ ವೇರಿಯನ್ಸ್ ತೆಗೆಯುವುದರಲ್ಲಿ ಅರ್ಥ ಕಡಿಮೆ. ತೋಟವನ್ನು ಫಿಕ್ಸೆಡ್ ಎಫೆಕ್ಟ್ ಮಾಡಿ, ಬ್ಲಾಕ್ ಅನ್ನು ರ‍್ಯಾಂಡಮ್ ಆಗಿ ಇಟ್ಟುಕೊಳ್ಳಿ. ಆಗ ನಿಮ್ಮ ಮಾತು ಆ ಮೂರು ತೋಟಕ್ಕೆ ಮಾತ್ರ ಅನ್ವಯಿಸುತ್ತದೆ, ಇಡೀ ಮಲೆನಾಡಿಗಲ್ಲ ಎಂದು ಒಪ್ಪಿಕೊಂಡ ಹಾಗೆ.

ಇನ್ನು, 1, 2, 3 ಎಂಬ ನಂಬರ್‌ಗೆ ನಿಜವಾಗಿಯೇ ಅರ್ಥ ಇರುವ ಸಂದರ್ಭವೂ ಉಂಟು. ಎಲ್ಲ ತೋಟದಲ್ಲೂ 1 ಅಂದರೆ ಹಳ್ಳದ ಪಕ್ಕ, 2 ಅಂದರೆ ನಡು ಇಳಿಜಾರು, 3 ಅಂದರೆ ಗುಡ್ಡದ ತಲೆ ಎಂದು ಬೇಕೆಂದೇ ಆರಿಸಿದ್ದರೆ ಅದು ಫಿಕ್ಸೆಡ್ ಎಫೆಕ್ಟ್. ಅದನ್ನು `sthala` ಎಂದು ಬೇರೆ ಕಾಲಂ ಮಾಡಿ ಮಾಡೆಲ್‌ಗೆ ಸೇರಿಸಿ, `estate_block` ಕೂಡ ಇರಲಿ. ವರ್ಷ ಕೂಡ ಹೀಗೆಯೇ. 2023ರ ಮಳೆ ಎಲ್ಲ ತೋಟಕ್ಕೂ 2023ರ ಮಳೆಯೇ. ವರ್ಷವನ್ನು ತೋಟದೊಳಗೆ ನೆಸ್ಟ್ ಮಾಡಿದರೆ ಅದು ಉಲ್ಟಾ ತಪ್ಪು.

ಥೀಸಿಸ್‌ನಲ್ಲಿ ಬರೆಯುವುದು

ನಾನು ನೋಡಿದ ಕರಡುಗಳಲ್ಲಿ ಹೆಚ್ಚು ಇರುವುದು ಈ ಒಂದೇ ವಾಕ್ಯ: "ಲೀನಿಯರ್ ಮಿಕ್ಸೆಡ್ ಮಾಡೆಲ್ ಬಳಸಿ ದತ್ತಾಂಶವನ್ನು ವಿಶ್ಲೇಷಿಸಲಾಯಿತು." ಇದನ್ನು ಓದಿದ ಪರೀಕ್ಷಕರಿಗೆ ನೀವು ಮೇಲಿನ ತಪ್ಪು ಮಾಡಿದ್ದೀರಾ ಇಲ್ಲವಾ ಎಂದು ತಿಳಿಯಲು ದಾರಿಯೇ ಇಲ್ಲ. ವಿಧಾನದ ಅಧ್ಯಾಯದಲ್ಲಿ ಹೀಗೆ ಬರೆದರೆ ತಿಳಿಯುತ್ತದೆ:

> ಮಣ್ಣಿನ ಸಾವಯವ ಇಂಗಾಲವನ್ನು (ಶೇಕಡಾ) ಲೀನಿಯರ್ ಮಿಕ್ಸೆಡ್ ಮಾಡೆಲ್‌ನಿಂದ ವಿಶ್ಲೇಷಿಸಲಾಯಿತು. ಬ್ಲಾಕ್ ಮಟ್ಟದಲ್ಲಿ ಅಳೆದ ನೆರಳು ಫಿಕ್ಸೆಡ್ ಎಫೆಕ್ಟ್. ತೋಟಕ್ಕೂ (8), ತೋಟದೊಳಗಿನ ಬ್ಲಾಕ್‌ಗೂ (ಒಟ್ಟು 24, ತೋಟಕ್ಕೆ 3) ರ‍್ಯಾಂಡಮ್ ಇಂಟರ್ಸೆಪ್ಟ್ ಕೊಡಲಾಗಿದೆ. ಪ್ರತಿ ಬ್ಲಾಕ್‌ನಲ್ಲಿ 10 ಮಾದರಿ, ಒಟ್ಟು 240. ಮಾಡೆಲ್ ಅನ್ನು R ತಂತ್ರಾಂಶದ `lme4` ಪ್ಯಾಕೇಜ್‌ನಲ್ಲಿ REML ವಿಧಾನದಿಂದ ಅಂದಾಜಿಸಲಾಯಿತು. ಡಿಗ್ರೀಸ್ ಆಫ್ ಫ್ರೀಡಮ್ ಅನ್ನು `lmerTest` ಪ್ಯಾಕೇಜ್ ಬಳಸಿ ಸ್ಯಾಟರ್‌ತ್‌ವೇಟ್ ವಿಧಾನದಿಂದ ಪಡೆಯಲಾಯಿತು.

R ಮತ್ತು ಪ್ಯಾಕೇಜ್‌ಗಳ ವರ್ಶನ್ ನಂಬರ್ ಸೇರಿಸಿ. `sessionInfo()` ಹಾಕಿದರೆ ಸಿಗುತ್ತದೆ. ಪಿ-ವ್ಯಾಲ್ಯೂ ಎಲ್ಲಿಂದ ಬಂತು ಎಂದು ಹೇಳಲೇಬೇಕು, ಯಾಕೆಂದರೆ ಬರೀ `lme4` ಅದನ್ನು ಕೊಡುವುದೇ ಇಲ್ಲ.

ಫಲಿತಾಂಶದ ಅಧ್ಯಾಯದಲ್ಲಿ ನೆರಳಿನ ಸಾಲು ಹೀಗಿರಲಿ:

> ನೆರಳು 10 ಶೇಕಡಾ ಅಂಶ ಹೆಚ್ಚಿದಾಗ ಇಂಗಾಲ 0.15 ಶೇಕಡಾ ಅಂಶ ಹೆಚ್ಚಿರುವ ಅಂದಾಜು ಸಿಕ್ಕಿದೆ (95% ವಿಶ್ವಾಸಾಂತರ −0.03ರಿಂದ 0.33; t = 1.77, df = 15, p = 0.10).

ಪಿ-ವ್ಯಾಲ್ಯೂ 0.001ರಿಂದ 0.10ಕ್ಕೆ ಏರಿದ್ದು ನೋಡಿ ಹೊಟ್ಟೆ ಉರಿಯುವುದು ಸಹಜ. ಹಾಗೆಂದು "ನೆರಳಿನಿಂದ ಪರಿಣಾಮ ಇಲ್ಲ" ಎಂದು ಬರೆದರೆ ಅದೂ ತಪ್ಪೇ. ಸೊನ್ನೆಯೂ ಇರಬಹುದು, 0.33ರಷ್ಟು ದೊಡ್ಡದೂ ಇರಬಹುದು, ಈ ದತ್ತಾಂಶದಿಂದ ಬೇರ್ಪಡಿಸಲು ಆಗುವುದಿಲ್ಲ. ವಿಶ್ವಾಸಾಂತರ ಅದನ್ನೇ ಹೇಳುತ್ತಿದೆ.

ರ‍್ಯಾಂಡಮ್ ಎಫೆಕ್ಟ್ ಅಂಕಿಗಳನ್ನು ಎಷ್ಟೋ ಜನ ಬಿಟ್ಟೇಬಿಡುತ್ತಾರೆ. ಹಾಕುವವರೂ ಒಂದು ಕಡೆ ಎಡವುತ್ತಾರೆ. ಸಮ್ಮರಿಯಲ್ಲಿ `Variance` ಮತ್ತು `Std.Dev.` ಎಂದು ಎರಡು ಕಾಲಂ ಪಕ್ಕಪಕ್ಕ ಇರುತ್ತವೆ. ಅದನ್ನು ನೋಡಿ "ತೋಟ 0.16 ± 0.40" ಎಂದು ಟೇಬಲ್‌ನಲ್ಲಿ ಹಾಕುತ್ತಾರೆ. 0.40 ಎಂಬುದು 0.16ರ ವರ್ಗಮೂಲ, ಅಷ್ಟೇ. ಅದು ವೇರಿಯನ್ಸ್‌ನ ಎರರ್ ಅಲ್ಲ. ಎರಡರಲ್ಲಿ ಒಂದು ಹಾಕಿದರೆ ಸಾಕು. ನಾನಾದರೆ ಸ್ಟ್ಯಾಂಡರ್ಡ್ ಡೀವಿಯೇಶನ್ ಹಾಕುತ್ತೇನೆ: ತೋಟ 0.40, ಬ್ಲಾಕ್ 0.30, ಉಳಿಕೆ 0.50. ಇವು ಇಂಗಾಲದ ಅಳತೆಯಲ್ಲೇ ಇರುವುದರಿಂದ ಓದುವವರಿಗೆ ಅರ್ಥವಾಗುತ್ತದೆ. ಇವುಗಳ ವಿಶ್ವಾಸಾಂತರ ಬೇಕಿದ್ದರೆ ಹೀಗೆ ತೆಗೆಯಬಹುದು:

```r
confint(m2, method = "profile", oldNames = FALSE)
```

ತೋಟದ ಸಾಲಿನ ಅಂತರ ತುಂಬಾ ಅಗಲವಾಗಿ ಬರುತ್ತದೆ. ಎಂಟೇ ತೋಟ ಇರುವಾಗ ಅದು ಹಾಗೇ. ಮುಚ್ಚಿಡಬೇಡಿ.

ಜೊತೆಗೆ ಒಂದು ವಾಕ್ಯ ಸೇರಿಸಿ: ನೆರಳಿನ ಲೆಕ್ಕ ಬಿಟ್ಟ ಮೇಲೆ ಉಳಿದ ವ್ಯತ್ಯಾಸದಲ್ಲಿ ಶೇ. 32 ತೋಟಗಳ ನಡುವಿನದು, ಶೇ. 18 ಒಂದೇ ತೋಟದ ಬ್ಲಾಕ್‌ಗಳ ನಡುವಿನದು, ಉಳಿದ ಅರ್ಧ ಒಂದೇ ಬ್ಲಾಕ್‌ನ ಮಾದರಿಗಳ ನಡುವಿನದು. 0.16, 0.09, 0.25ನ್ನು 0.50ರಿಂದ ಭಾಗಿಸಿದರೆ ಬರುವ ಅಂಕಿಗಳಿವು. ಇದನ್ನೇ ತಿರುಗಿಸಿ ಹೇಳಿದರೆ, ಒಂದೇ ತೋಟದ ಬೇರೆ ಬೇರೆ ಬ್ಲಾಕ್‌ನ ಎರಡು ಮಾದರಿಗಳ ನಡುವಿನ ಕೋರಿಲೇಶನ್ 0.32, ಒಂದೇ ಬ್ಲಾಕ್‌ನ ಎರಡು ಮಾದರಿಗಳ ನಡುವಿನದು 0.50.

ವೈವಾದಲ್ಲಿ "n ಎಷ್ಟು?" ಎಂದು ಕೇಳಿದರೆ 240 ಎಂದು ಥಟ್ಟನೆ ಹೇಳಬೇಡಿ. ಯಾವ ಪ್ರಶ್ನೆಗೆ ಅನ್ನುವುದರ ಮೇಲೆ ಹೋಗುತ್ತದೆ. ನೆರಳಿಗೆ 24 ಬ್ಲಾಕ್. ತೋಟದ ಮಟ್ಟದ ಹೋಲಿಕೆಗೆ 8.

"ಇನ್ನಷ್ಟು ಮಾದರಿ ತೆಗೆಯಬಹುದಿತ್ತಲ್ಲ?" ಎಂಬ ಪ್ರಶ್ನೆಯೂ ಬರುತ್ತದೆ. ಅದಕ್ಕೆ ಉತ್ತರ ನಿಮ್ಮ ವೇರಿಯನ್ಸ್ ಅಂಕಿಗಳಲ್ಲೇ ಇದೆ. ಬ್ಲಾಕ್‌ಗೆ 10ರ ಬದಲು 20 ಗುಂಡಿ ತೆಗೆದು ಒಟ್ಟು 480 ಮಾಡಿದ್ದರೆ ಸ್ಟ್ಯಾಂಡರ್ಡ್ ಎರರ್ 0.085ರಿಂದ 0.080ಕ್ಕೆ ಇಳಿಯುತ್ತಿತ್ತು. ಲ್ಯಾಬ್ ಖರ್ಚು ದುಪ್ಪಟ್ಟು, ಲಾಭ ಚೂರು. ಅದೇ 240 ಮಾದರಿಗಳನ್ನು ತೋಟಕ್ಕೆ 6 ಬ್ಲಾಕ್, ಬ್ಲಾಕ್‌ಗೆ 5 ಗುಂಡಿ ಎಂದು ಹಂಚಿದ್ದರೆ, ಬ್ಲಾಕ್‌ಗಳ ನಡುವೆ ನೆರಳಿನ ಏರಿಳಿತ ಈಗಿನಷ್ಟೇ ಇದ್ದ ಪಕ್ಷದಲ್ಲಿ, ಅದು 0.059ಕ್ಕೆ ಬರುತ್ತಿತ್ತು. ಲ್ಯಾಬ್‌ಗೆ ಕೊಡುವ ದುಡ್ಡು ಅಷ್ಟೇ, ನಡೆಯುವುದು ಮಾತ್ರ ಜಾಸ್ತಿ.